ಕಾಗವಾಡ ಮೂರಕ್ಕಿಳಿದ ಸಂಜೆ

ಈ ಕಥೆಯನ್ನು ಭೋಜದವರು ನಗುತ್ತ ಹೇಳುತ್ತಾರೆ, ಕಾಗವಾಡದವರು ಹಲ್ಲು ಕಡಿಯುತ್ತ ಹೇಳುತ್ತಾರೆ. ಎರಡೂ ಊರುಗಳಲ್ಲಿ ಕೇಳಿದ್ದೇನೆ. ಬೈಗುಳಗಳು ಬೇರೆ ಬೇರೆ, ಅಂಕಗಳು ಮಾತ್ರ ಒಂದೇ.

ಗಡಿಭಾಗದ ಕಬಡ್ಡಿ ಲೀಗಿನಲ್ಲಿ ಐದು ತಂಡಗಳು: ಅಥಣಿ, ಚಿಕ್ಕೋಡಿ, ಭೋಜ, ದಿಗ್ಗೇವಾಡಿ, ಕಾಗವಾಡ. ಪ್ರತಿ ತಂಡವೂ ಉಳಿದ ನಾಲ್ಕರೊಡನೆ ಒಮ್ಮೆ ಆಡಬೇಕು. ಗೆದ್ದರೆ ಎರಡು ಪಾಯಿಂಟ್. ಮೇಲಿನ ಇಬ್ಬರಿಗೆ ಫೈನಲ್. ಲೀಗಿನ ಕಾರ್ಯದರ್ಶಿ ಭೀಮಗೊಂಡ ಕಾಗವಾಡದವನು, ತನ್ನೂರ ತಂಡದ ಯಜಮಾನನೂ ಅವನೇ. ೨೦೧೫ರಲ್ಲಿ ಭೋಜ ಮತ್ತು ಕಾಗವಾಡ ಸಮಪಾಯಿಂಟಿನಲ್ಲಿ ನಿಂತವು. ಭೋಜವು ಕಾಗವಾಡವನ್ನು ಸೋಲಿಸಿತ್ತು. ಲೀಗಿನ ನಿಯಮದಂತೆ ಫೈನಲ್ ಭೋಜದ್ದು. ಭೀಮಗೊಂಡ ಕರಿಹಲಗೆಯನ್ನು ಒರೆಸಿ, ಒಟ್ಟು ಅಂಕಗಳ ಅಂತರ ನೋಡಬೇಕೆಂದು ಹೊಸದಾಗಿ ಬರೆದು, ತನ್ನ ತಂಡವನ್ನು ಮೇಲೇರಿಸಿದ.

ಭೋಜದ ನಾಯಕ ಆಸಿಮ ಪ್ರತಿಭಟಿಸಿದಾಗ ಅವನು ಎಲ್ಲರೆದುರು ನಕ್ಕ. "ತೊಡಿ ತಟ್ಟೂದ ಬ್ಯಾರೆ, ಲೆಕ್ಕಾ ಬ್ಯಾರೆ ಲೇ. ಮನ್ಯಾಗ ಯಾರರ ಓದಿದವ್ರಿದ್ರ ಕರ್ಕೊಂಡ ಬಾ."

ಆಸಿಮನ ಅಕ್ಕ ಫರಹೀನ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮರುವರ್ಷ ಸಭೆಗೆ ಅವಳೇ ಬಂದಳು. ಪಾಯಿಂಟ್ ಪಟ್ಟಿ ಇನ್ನು ಕಂಪ್ಯೂಟರಿನಲ್ಲೇ ಇರಲಿ, ಪ್ರತಿ ಆಟದ ದಿನ ಮುಗಿದು ಎರಡೂ ತಂಡಗಳ ಅಂಕಗಾರರು ಒಪ್ಪಿದ ಮೇಲೆ ತಾನೇ ಹೊಸದಾಗಲಿ, ಎಲ್ಲರ ಫೋನಿನಲ್ಲೂ ಮೈದಾನದ ಪರದೆಯ ಮೇಲೂ ಕಾಣಲಿ ಎಂದಳು. ನಾಲ್ಕು ತಂಡಗಳು ಕೈಯೆತ್ತಿದವು. ನಿಯಮವನ್ನು ಮೈದಾನದ ಗೋಡೆಗೆ ದೊಡ್ಡದಾಗಿ ಬರೆಸಿದರು: ಪಾಯಿಂಟ್ ಸಮವಾದರೆ, ಸಮವಾದ ಎಲ್ಲ ತಂಡಗಳು ತಮ್ಮತಮ್ಮೊಳಗೆ ಆಡಿದ ಪಂದ್ಯಗಳ ಪಾಯಿಂಟ್, ಅದೂ ಸಮವಾದರೆ ಅವೇ ಪಂದ್ಯಗಳ ಅಂಕಾಂತರ, ಆಮೇಲಷ್ಟೇ ಇಡೀ ಲೀಗಿನ ಅಂಕಾಂತರ.

ಆ ವರ್ಷ ಕೊನೆಯ ದಿನದ ಮುನ್ನಾ ಸಂಜೆ ಅಥಣಿ ಆರು ಪಾಯಿಂಟಿನೊಡನೆ ಎಲ್ಲರಿಗಿಂತ ಮೇಲಿತ್ತು. ಕಾಗವಾಡ, ಭೋಜ ಎರಡಕ್ಕೂ ನಾಲ್ಕು. ಈ ಬಾರಿ ಕಾಗವಾಡವು ಭೋಜವನ್ನು ಮೂರು ಅಂಕಗಳಿಂದ ಸೋಲಿಸಿತ್ತಾದ್ದರಿಂದ ಪಟ್ಟಿ ಅದನ್ನು ಎರಡನೆಯ ಸ್ಥಾನದಲ್ಲಿಟ್ಟಿತ್ತು. ಭೋಜದ ಆಟಗಳು ಮುಗಿದಿದ್ದವು. ಎರಡೇ ಪಾಯಿಂಟಿದ್ದ ದಿಗ್ಗೇವಾಡಿಯೊಡನೆ ಕಾಗವಾಡದ ಪಂದ್ಯ ಬಾಕಿಯಿತ್ತು.

ಭೀಮಗೊಂಡ ಪರದೆಯನ್ನು ಕರಿಹಲಗೆಯಂತೆಯೇ ಓದಿದ: ಬರೆದದ್ದು ಬರೆದಂತೆ ಉಳಿಯುತ್ತದೆ. ತನ್ನ ಮುಖ್ಯ ರೇಡರ್ ಲಖನನನ್ನು ಫೈನಲಿಗೆಂದು ಉಳಿಸಿಕೊಳ್ಳಲು ನಿಶ್ಚಯಿಸಿ ಫರಹೀನಳ ಬಳಿ ಬಂದ.

"ಏನ ತಂಗಿ, ನಾವು ಭೋಜದವ್ರನ್ನ ಹೊಡದೇವಿ. ನಾಳೆ ಸೋತ್ರೂ ನಿಮ್ಮ ತಲೀ ಮ್ಯಾಲ ನಾವ ಕುಂಡ್ರವ್ರು, ಹೌದಲ್ಲ?"

"ಇವತ್ತಿನ ಪಟ್ಟಿ ಹಂಗ ಹೇಳತೈತ್ರಿ ಕಾಕಾ. ನಾಳಿಂದು ನಾಳೆ ಆಟ ಮುಗದಮ್ಯಾಲ. ನಿಯಮ ಗ್ವಾಡಿ ಮ್ಯಾಲ ಐತಿ, ಓದ್ಕೋರಿ."

"ನಿಯಮಾ ನನಗ ಕಲಸ್ತಿ?" ಎಂದು ನಕ್ಕು ಹೋದ.

ಆಸಿಮ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಆಪಾ, ದಿಗ್ಗೇವಾಡಿ ಗೆದ್ರ ಮೂರೂ ಮಂದಿ ಸಮ ಆಗ್ತೇವಿ. ಅವಂಗ ತಿಳದಿಲ್ಲ. ಬಿಡಿಸಿ ಹೇಳಬಾರದೇನ?"

"ಹೋದ ವರ್ಷ ಅವಂಗ ನಿಯಮಾ ತಿಳದಿತ್ತು," ಎಂದಳು ಫರಹೀನ. "ತಿಳದು ಒರಸಿದ. ಈ ಸರ್ತಿ ತಿಳೀದೇ ಸಾಯಲಿ."

ಮರುದಿನ ಲಖನ ಬೆಂಚಿನಲ್ಲಿ ಕುಳಿತು ಆಟ ನೋಡಿದ. ತನ್ನನ್ನು ಇಳಿಸಿರೆಂದು ಎರಡು ಸಲ ಎದ್ದು ಕೇಳಿದ. ಭೀಮಗೊಂಡ ಎರಡು ಸಲವೂ ಕೈಸನ್ನೆಯಿಂದ ಕೂರಿಸಿದ. ದಿಗ್ಗೇವಾಡಿ ನಾಲ್ಕು ಅಂಕಗಳಿಂದ ಗೆದ್ದಿತು. ಅಂಕಗಾರರಿಬ್ಬರೂ ಒಪ್ಪಿದರು. ಪರದೆ ಒಮ್ಮೆ ಬೆಳ್ಳಗಾಗಿ ಮತ್ತೆ ಮೂಡಿತು: ಅಥಣಿ, ಭೋಜ, ಕಾಗವಾಡ, ದಿಗ್ಗೇವಾಡಿ, ಚಿಕ್ಕೋಡಿ.

"ಸುಳ್ಳು!" ಭೀಮಗೊಂಡ ಕೂಗಿದ. "ಭೋಜದವ್ರನ್ನ ನಾವು ಸೋಲಿಸೇವಿ! ಮಿಷನ್ ಕೆಟ್ಟೈತಿ!"

ಫರಹೀನ ಕಾಗವಾಡದ ಹೆಸರನ್ನು ಒತ್ತಿದಳು. ಮೂರೇ ತಂಡಗಳ ಸಣ್ಣ ಪಟ್ಟಿ ತೆರೆಯಿತು.

"ನೀವು ಭೋಜನ ಹೊಡದ್ರಿ, ಭೋಜ ದಿಗ್ಗೇವಾಡಿನ ಹೊಡೀತು, ದಿಗ್ಗೇವಾಡಿ ನಿಮ್ಮನ್ನ. ಮೂವರಿಗೂ ಎರಡೆರಡು ಪಾಯಿಂಟ್. ಈಗ ಈ ಮೂರು ಆಟದ ಅಂತರ ನೋಡ್ರಿ. ಭೋಜ ದಿಗ್ಗೇವಾಡಿನ ಹನ್ನೆರಡರಿಂದ ಹೊಡದೈತಿ, ನಿಮಗ ಮೂರರಿಂದ ಸೋತೈತಿ. ಉಳದದ್ದು ಒಂಬತ್ತು. ನೀವು ಮೂರು ಗಳಿಸಿ ನಾಲ್ಕು ಕಳಕೊಂಡ್ರಿ, ಒಂದು ಕಮ್ಮಿ. ದಿಗ್ಗೇವಾಡಿಗೆ ಎಂಟು ಕಮ್ಮಿ."

"ಚಿಕ್ಕೋಡಿ ಮ್ಯಾಲ ನಲವತ್ತರಿಂದ ಗೆದ್ದೇವಲ್ಲ, ಅದು?"

"ಅದು ಕಡೀ ನಿಯಮ್ರಿ. ಅಲ್ಲೀ ತನಕಾ ಬರೂದ ಬೇಕಾಗಿಲ್ಲ. ಹೋದ ವರ್ಷ ನೀವು ಅದನ್ನ ಮೊದಲ ತಂದಿದ್ರಿ."

ಚಿಕ್ಕೋಡಿ ತಂಡದ ಹಿರಿಯ ಮಾಯಪ್ಪ ಗೋಡೆಯ ಬರಹವನ್ನು ಗಟ್ಟಿಯಾಗಿ ಓದಿ ಮುಗಿಸಿದ. "ಬರೋಬರ್ ಐತಿ," ಎಂದ.

"ನಿನ್ನೆ ಬಿಡಿಸಿ ಹೇಳಿದ್ರ ಹುಡುಗನ ಆಡಸ್ತಿದ್ನಲ್ಲ ಬೇ!" ಎಂದು ಭೀಮಗೊಂಡ ಫರಹೀನಳತ್ತ ತಿರುಗಿದ.

"ಹೌದ್ರಿ," ಎಂದಳು ಫರಹೀನ. "ಅದಕ್ಕ ಹೇಳಲಿಲ್ಲ."

ಪರದೆ ಆರಿಸೆಂದು ಅವನು ತಗ್ಗಿದ ಧ್ವನಿಯಲ್ಲಿ ಕೇಳಿಕೊಂಡ. ಲಖನ ಅಷ್ಟರಲ್ಲಿ ಪರದೆಯ ಮುಂದೆ ನಿಂತು, ಮೂರನೆಯ ಸಾಲಿನಲ್ಲಿದ್ದ ತನ್ನೂರ ಹೆಸರಿನ ಫೋಟೋ ತೆಗೆಯುತ್ತಿದ್ದ.

"ಇರಲಿ ಬಿಡ್ರಿ ಕಾಕಾ," ಎಂದಳು ಅವಳು. "ನಿಮ್ಮ ಹುಡುಗೂರು ಇನ್ನೂ ನೋಡಾಕತ್ತಾರ."