ಸೋಮವಾರದ ಹಸಿರು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತಪ್ಪೊಪ್ಪಿಕೊಂಡವರು ಬೇರೆಯವರು, ಕಥೆ ಹೇಳುತ್ತಿರುವವನು ನಾನು. ಅದು ಅಷ್ಟು ಸರಿಯಲ್ಲವೇನೋ. ಆದರೆ ಆ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವನು ನಾನೊಬ್ಬನೇ. ಉಳಿದವರಿಗೆಲ್ಲ ಆಡಲು ಮಾತಿತ್ತು.

ನಮ್ಮದು ಆಸ್ಪತ್ರೆಯೊಂದಕ್ಕೆ ರೋಗಿಗಳ ನೋಂದಣಿಯ ಹೊಸ ತಂತ್ರಾಂಶ ಮಾಡಿಕೊಡುತ್ತಿದ್ದ ಸಣ್ಣ ತಂಡ. ಅದನ್ನು ಪರೀಕ್ಷಿಸಿ ತಪ್ಪು ಹುಡುಕುವುದು ನನ್ನ ಕೆಲಸ. ತಂಡದ ಲೀಡ್‌ಗೆ ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರ ಮೇಲಿದ್ದ ಮ್ಯಾನೇಜರ್‌ಗೆ ಬೆನ್ನ ಹಿಂದೆ ಇಟ್ಟ ಹೆಸರು 'ಸಮಾಧಾನ ಸಾರ್'. ಬೆಂಕಿ ಬಿದ್ದರೂ ಅವರ ಬಾಯಿಂದ ಮೊದಲು ಬರುವ ಮಾತು ಅದೇ.

ಪ್ರತಿ ಸೋಮವಾರ ಅಕ್ಕ ಆಸ್ಪತ್ರೆಯವರಿಗೆ ಫೋನಿನಲ್ಲಿ ಕೆಲಸ ಎಲ್ಲಿಗೆ ಬಂತೆಂದು ಹೇಳಬೇಕಿತ್ತು. ಎಲ್ಲ ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ನಿಂತಿದ್ದರೆ ಕೆಂಪು. ಅಕ್ಕ ಯಾವತ್ತೂ ಹಸಿರು ಬಿಟ್ಟು ಬೇರೆ ಹೇಳಿದವರಲ್ಲ. ಹಳದಿ ಅಂದರೆ ಹತ್ತು ಜನ ಹತ್ತು ಪ್ರಶ್ನೆ ಕೇಳುತ್ತಾರೆ, ಅಷ್ಟು ಹೊತ್ತಿನಲ್ಲಿ ಕೆಲಸವೇ ಮುಗಿದಿರುತ್ತದೆ ಎಂಬುದು ಅವರ ವಾದ. ಹಲವು ಸಲ ಹಾಗೇ ಆಗಿತ್ತು ಕೂಡ.

ಈ ಸಲ ಆಗಲಿಲ್ಲ. ನಾವು ಪರೀಕ್ಷೆಗೆಂದು ಮಾಡಿಕೊಂಡಿದ್ದ ಸುಳ್ಳು ರೋಗಿಗಳಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಫೋನ್ ನಂಬರ್ ಇತ್ತು. ನಂಬರ್ ಒಂದೇ ಆಗಿದ್ದರೆ ಮನುಷ್ಯನೂ ಒಬ್ಬನೇ ಎಂದುಕೊಳ್ಳುವಂತೆ ತಂತ್ರಾಂಶ ಬರೆದಿದ್ದೆವು. ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಸ್ವಲ್ಪ ಭಾಗವನ್ನು, ಹೆಸರು ಮರೆಮಾಡಿ, ತಂದು ಹಾಕಿದಾಗ ತಪ್ಪು ಕಣ್ಣಿಗೆ ಬಿತ್ತು. ಇಡೀ ಮನೆಗೆ ಒಂದೇ ನಂಬರ್ ಕೊಟ್ಟ ಕುಟುಂಬಗಳು ಬೇಕಾದಷ್ಟಿದ್ದವು. ಅಜ್ಜಿಯ ರಕ್ತದೊತ್ತಡದ ಮಾತ್ರೆ ನಾಲ್ಕು ವರ್ಷದ ಮೊಮ್ಮಗನ ದಾಖಲೆಯಲ್ಲಿ ಕೂತಿತ್ತು.

ಅವತ್ತೇ ಅಕ್ಕನಿಗೆ ತೋರಿಸಿದೆ. ಅವರು ಬಹಳ ಹೊತ್ತು ಪರದೆ ನೋಡಿ, "ಇದು ಬುಡದಲ್ಲೇ ತಪ್ಪಿದೆ ಕಣೋ. ಇರ್ಲಿ, ಸರಿ ಮಾಡ್ಬಿಡೋಣ. ಈಗಲೇ ಯಾರಿಗೂ ಹೇಳೋದು ಬೇಡ," ಎಂದರು. ನಾನು ಹೂಂ ಎಂದೆ. ಮುಂದಿನ ಸೋಮವಾರವೂ ಹಸಿರು. ಅದರ ಮುಂದಿನದೂ.

ಬುಡ ಬದಲಿಸಹೋದರೆ ಅದರ ಮೇಲಿದ್ದದ್ದೆಲ್ಲ ಅಲುಗಾಡಿತು. ಹೊಸ ವ್ಯವಸ್ಥೆ ಶುರುವಾಗಬೇಕಿದ್ದ ದಿನ ಹತ್ತಿರ ಬಂತು. ಅದರ ಹಿಂದಿನ ಸಂಜೆ ಅಕ್ಕ ಆಸ್ಪತ್ರೆಗೆ ಫೋನ್ ಮಾಡಿ, ಆಗುವುದಿಲ್ಲ ಎಂದರು. ಆಸ್ಪತ್ರೆಯವರು ವಿವರಣೆ ಕೇಳಲು ಸಭೆ ಕರೆದರು.

ಹೋಗುವಾಗ ಕಾರಿನಲ್ಲಿ ಸಮಾಧಾನ ಸಾರ್ ಪಾಠ ಹೇಳಿಕೊಟ್ಟರು. "ಕ್ಷಮೆ ಕೇಳಿ, ಬೇಡ ಅನ್ನಲ್ಲ. ಆದ್ರೆ ತಪ್ಪು ಟೆಸ್ಟಿಂಗ್‌ನಲ್ಲಿ ತಡವಾಗಿ ಸಿಕ್ತು ಅನ್ನಿ. ಈ ಗುತ್ತಿಗೆ ಕೈತಪ್ಪಿದ್ರೆ ನಿಮ್ಮ ತಂಡಾನೇ ಇರಲ್ಲ, ನೆನಪಿರ್ಲಿ."

ತಡವಾಗಿ ಸಿಕ್ಕಿತು ಅಂದರೆ ತಡವಾಗಿ ಹುಡುಕಿದವನು ನಾನು ಎಂದರ್ಥ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿ ಗಿಟ್ಟಿಸಿದ ಕೆಲಸ ನನ್ನದು. ಅಕ್ಕ ಏನಾದರೂ ಅಂದಾರೆಂದು ಕಾದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಭೆಯ ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ವಯಸ್ಸಾದ ಡಾಕ್ಟರು, ಇನ್ನೊಬ್ಬರು ನೋಂದಣಿ ವಿಭಾಗದ ಮೇಡಂ. ನೀರಿನ ಬಾಟಲಿಗಳನ್ನು ಇಟ್ಟಿದ್ದರು. ಯಾರೂ ಮುಟ್ಟಲಿಲ್ಲ.

ಅಕ್ಕ ಎದ್ದು ನಿಂತರು. "ಕೆಲವು ಅನಿರೀಕ್ಷಿತ ತಾಂತ್ರಿಕ ಕಾರಣಗಳಿಂದ ವಿಳಂಬ ಉಂಟಾಗಿದೆ. ಅದರಿಂದ ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

"ಕೂತ್ಕೊಳಮ್ಮಾ," ಎಂದರು ಡಾಕ್ಟರು. "ರೈಲ್ವೆ ಸ್ಟೇಷನ್ ಮೈಕಿನ ಹಾಗೆ ಮಾತಾಡ್ಬೇಡ. ಒಂದೇ ಕೇಳ್ತೀನಿ. ಇದು ಆಗಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಸಮಾಧಾನ ಸಾರ್ ಮುಂದೆ ಬಾಗಿದರು. "ಸಾರ್, ಅದು ಟೆಸ್ಟಿಂಗ್‌ನಲ್ಲಿ ಸ್ವಲ್ಪ ತಡವಾಗಿ..."

ನಾನು ಮೇಜಿನ ಮೇಲಿದ್ದ ನನ್ನ ಕೈಗಳನ್ನೇ ನೋಡಿದೆ.

"ಇಲ್ಲ," ಎಂದರು ಅಕ್ಕ. ಈಗ ಕುಳಿತೇ ಮಾತಾಡುತ್ತಿದ್ದರು, ದನಿ ತಗ್ಗಿತ್ತು. "ಟೆಸ್ಟಿಂಗ್‌ನಲ್ಲಿ ಬೇಗಾನೇ ಸಿಕ್ತು. ಇವನು ಸಿಕ್ಕಿದ ದಿನವೇ ಬಂದು ತೋರ್ಸಿದ. ಬುಡದಿಂದ ಬದಲಾಯಿಸ್ಬೇಕು, ಹೇಳಿದ ದಿನಕ್ಕೆ ಕಷ್ಟ ಅಂತ ನನಗೆ ಅವತ್ತೇ ಗೊತ್ತಿತ್ತು. ಹೇಗಾದ್ರೂ ಮುಗಿಸ್ತೀವಿ, ನಿಮಗೆ ಗೊತ್ತೇ ಆಗಲ್ಲ ಅಂದ್ಕೊಂಡೆ. ಗೊತ್ತಿದ್ದೂ ಹಸಿರು ಅಂದೆ. ತಡ ಆಗಿದ್ದಕ್ಕಿಂತ ಅದು ದೊಡ್ಡ ತಪ್ಪು. ಕ್ಷಮಿಸಿ."

ಸಮಾಧಾನ ಸಾರ್ ಮುಖ ಹುಳ್ಳಗಾಯಿತು. ಅವರಿಗೆ ಸಮಾಧಾನ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ನೋಂದಣಿ ಮೇಡಂ, "ನಿಮ್ಮ ಹಸಿರು ನಂಬ್ಕೊಂಡು ನಾನು ಎಲ್ಲರ ರಜೆ ರದ್ದು ಮಾಡ್ದೆ," ಎಂದರು. "ಹೊಸದು ಶುರುವಾಗೋ ವಾರ ಕೌಂಟರ್‌ನಲ್ಲಿ ಜನ ಬೇಕು ಅಂತ. ಒಬ್ಬ ಹುಡುಗಿ ತನ್ನ ತಂಗಿ ಹೆರಿಗೆಗೆ ಹೋಗ್ಬೇಕಿತ್ತು. ಅವರಿಗೆ ತಾಯಿ ಇಲ್ಲ, ಇವಳೇ ಎಲ್ಲ. ಕೈ ಮುಗಿದು ಕೇಳಿದ್ಲು. ನಾನು ಬಿಡಲಿಲ್ಲ. ಬರೀ ಹಳದಿ ಅಂದಿದ್ರೆ ಸಾಕಿತ್ತು, ಕಳಿಸಿಬಿಡ್ತಿದ್ದೆ."

ಅಕ್ಕ ಮೇಡಂ ಕಡೆ ತಿರುಗಿದರು. "ಇದು ನನಗೆ ಗೊತ್ತಿರಲಿಲ್ಲ. ದಯವಿಟ್ಟು..."

"ನನಗ್ಯಾಕೆ ಹೇಳ್ತೀರಿ? ಕೆಳಗೆ ಮೊದಲ ಕೌಂಟರ್‌ನಲ್ಲೇ ಕೂತಿದ್ದಾಳೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಸರಿ. ಹೊಸ ದಿನಾಂಕ?"

"ಇವತ್ತು ಕೊಡಲ್ಲ ಸಾರ್," ಎಂದರು ಅಕ್ಕ. ಮೇಜಿನ ಕೆಳಗೆ ಯಾರದೋ ಕಾಲು ಸರಿದ ಸದ್ದಾಯಿತು. "ಉಳಿದ ಕೆಲಸ ಎಷ್ಟು ಅಂತ ತಂಡದ ಜೊತೆ ಕೂತು ಅಳೆದು ಗುರುವಾರ ಹೇಳ್ತೀನಿ. ಅಲ್ಲಿವರೆಗೂ ಹಳೇದೇ ನಡೀಲಿ. ನಿಮ್ಮ ದಾಖಲೆಗಳಿಗೆ ಏನೂ ಆಗಿಲ್ಲ, ನಾವು ನೋಡಿದ್ದು ಪ್ರತಿಯಲ್ಲಿ."

"ಗುರುವಾರ ಆಗ್ಲಿ. ಇನ್ಮೇಲೆ ಬಣ್ಣ ಗಿಣ್ಣ ಬೇಡ. ವಾರಕ್ಕೊಮ್ಮೆ ಬಂದು ನಮ್ಮ ದಾಖಲೆ ಹಾಕಿ, ನಮ್ಮ ಕಣ್ಣೆದುರಿಗೇ ನಡೆಸಿ ತೋರ್ಸಿ." ಡಾಕ್ಟರು ಕನ್ನಡಕ ಹಾಕಿಕೊಂಡು ಅಕ್ಕನ ಕಡೆ ನೋಡಿದರು: "ಕೆಲಸ ನಿಮ್ಮ ಕಂಪನಿ ಹತ್ರಾನೇ ಇರುತ್ತೆ. ತೋರಿಸೋಕೆ ಮಾತ್ರ ಬೇರೆ ಯಾರಾದ್ರೂ ಬರ್ಲಿ. ನಿಮ್ಮ ಮಾತು ನಂಬೋಕೆ ನಮಗೆ ಸ್ವಲ್ಪ ಕಾಲ ಬೇಕಾಗುತ್ತಮ್ಮ."

ಅಕ್ಕ ತಲೆಯಾಡಿಸಿದರು. ಗುತ್ತಿಗೆ ಉಳಿಯಿತು, ತಂಡ ಉಳಿಯಿತು, ನನ್ನ ಹೆಸರೂ ಉಳಿಯಿತು. ಹೋದದ್ದು ಆಸ್ಪತ್ರೆಯವರ ಮುಂದೆ ಅವರಿಗಿದ್ದ ಜಾಗ. ನನ್ನೊಳಗೆ ಮೊದಲು ಹುಟ್ಟಿದ್ದು ನೆಮ್ಮದಿ. ಅದು ನೆಮ್ಮದಿಯೆಂದು ಗೊತ್ತಾದಾಗ ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದ ಕೂಡಲೇ ಸಮಾಧಾನ ಸಾರ್, "ದೊಡ್ಡ ಸತ್ಯವಂತೆ! ನೀವು ಮುಳುಗೋದಲ್ದೆ ದೋಣೀನೂ ಮುಳುಗಿಸ್ತಿದ್ರಲ್ಲ," ಎಂದು ಕಾರಿನ ಕಡೆ ನಡೆದರು. ಅಕ್ಕ ಅವರ ಹಿಂದೆ ಹೋಗದೆ ಮೆಟ್ಟಿಲಿಳಿದರು. ನಾನೂ ಇಳಿದೆ.

ನೋಂದಣಿಯ ಮೊದಲ ಕೌಂಟರ್ ಮುಂದೆ ಉದ್ದ ಸಾಲು. ಅಕ್ಕ ಪಕ್ಕದಿಂದ ಹೋಗಿ ಬಗ್ಗಿದರೆ ಗಾಜಿನ ಹಿಂದಿನ ಹುಡುಗಿ ತಲೆ ಎತ್ತದೆಯೇ, "ಟೋಕನ್ ತಗೊಂಡು ಸಾಲಲ್ಲಿ ಬನ್ನಿ ಮೇಡಂ," ಎಂದಳು.

ಅಕ್ಕ ಟೋಕನ್ ತೆಗೆದುಕೊಂಡು ಸಾಲಿನ ಕೊನೆಗೆ ನಿಂತರು. "ಅಕ್ಕಾ, ನಾನೂ ಬರ್ಲಾ? ಸುಮ್ಮನಿದ್ದವನು ನಾನೂ ಅಲ್ವಾ," ಎಂದೆ.

"ನೀನು ಹೋಗೋ. ಸಾರ್ ಕಾಯ್ತಿದಾರೆ. ಇದು ನಂದು."

ನಾನು ಹೋಗಲಿಲ್ಲ, ಬಾಗಿಲ ಬಳಿ ನಿಂತೆ. ಅವರ ಸರದಿ ಬಂತು. ಗಾಜಿನ ಕಿಂಡಿಗೆ ಬಾಗಿ ಏನೋ ಹೇಳಿದರು. ಹುಡುಗಿ ಕೀಲಿಮಣೆಯಿಂದ ಕೈ ತೆಗೆದು ಅವರನ್ನೇ ನೋಡಿದಳು. ನಂತರ ಒಂದು ಮಾತಾಡಿದಳು, ಒಂದೇ. ಅಕ್ಕ ಸರಿದುಕೊಂಡರು, ಹಿಂದಿನವರು ಮುಂದೆ ಬಂದರು.

ಆಕೆ ಅಂದದ್ದೇನೆಂದು ಅಕ್ಕ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಡಾಕ್ಟರು ಆ ಪ್ರಶ್ನೆ ಹಾಕದೇ ಇದ್ದಿದ್ದರೆ ಅಕ್ಕ ತಾವಾಗಿ ಹೇಳುತ್ತಿದ್ದರೇ, ಅದೂ ನನಗೆ ಗೊತ್ತಿಲ್ಲ. ಅವರು ಹೇಳದೇ ಇದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ ಎಂಬುದು ಇನ್ನೂ ಗೊತ್ತಿಲ್ಲ.