ಅವ್ವನ ಹುಸಿ ಮುಡಿಪು

ಶನಿವಾರ ಸಂಜೆ ಬಟವಾಡೆಯಾದರೆ ಅವ್ವ ದುಡ್ಡನ್ನು ಚಾಪೆಯ ಮೇಲೆ ಹರಡಿ ಭಾಗ ಮಾಡುತ್ತಿದ್ದಳು. ರಾಗಿ, ಅಕ್ಕಿಗೆ ಒಂದು ಡಬ್ಬಿ, ಸೀಮೆಎಣ್ಣೆ, ಸೋಪಿಗೆ ಇನ್ನೊಂದು, ಬಾಡಿಗೆಗೆ ಮೂರನೆಯದು. ಅವ್ವ ಮುನಿತಾಯಮ್ಮ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ದಿನಗೂಲಿ. ಅಪ್ಪ ಬೀರೇಶ ಬಿಡದಿ ಕಡೆ ಏಳುತ್ತಿದ್ದ ಫ್ಯಾಕ್ಟರಿಗಳಿಗೆ ಪಾಯ ತೋಡುವವನು. ಕೆಲಸವಿಲ್ಲದ ವಾರ ಬಾಡಿಗೆ ಡಬ್ಬಿಯ ದುಡ್ಡು ರಾಗಿ ಡಬ್ಬಿಗೆ ಬರುತ್ತಿತ್ತು, ವಾಪಸ್ ಹೋಗುತ್ತಿರಲಿಲ್ಲ. ಬ್ಯಾಂಕಿಗೆ ಹೋಗಬೇಕೆಂದರೆ ಅರ್ಧ ದಿನದ ಕೂಲಿ ಬಿಡಬೇಕು. ಅಷ್ಟು ಸಾಹುಕಾರರು ನಾವಲ್ಲ.

ಅಪ್ಪ ಕೆಟ್ಟವನಲ್ಲ. ಆದರೆ ಯಾರು ಕೇಳಿದರೂ ಡಬ್ಬಿಗೆ ಕೈಹಾಕಿ ಕೊಟ್ಟುಬಿಡುವ ಧರ್ಮಾತ್ಮ. ಅದಕ್ಕೇ ಅವ್ವ ವಾರಕ್ಕೆ ಇಪ್ಪತ್ತೋ ಮೂವತ್ತೋ ಉಳಿಸಿ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಪಟದ ಹಿಂದೆ ಇಡುತ್ತಿದ್ದಳು. "ಕೆಂಗಲ್ ಹನುಮಪ್ಪನ ಮುಡಿಪು, ಮುಟ್ಟಬ್ಯಾಡ" ಎಂದು ಅಪ್ಪನಿಗೆ ಹೇಳಿದ್ದಳು. ಅದು ಕೆಲಸವಿಲ್ಲದ ದಿನಕ್ಕೆ ಎಂಬ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ.

ಆ ವರ್ಷ ಮಳೆ ಹಿಡಿದು ಪಾಯದ ಕೆಲಸ ನಿಂತಿತು. ನೂಲು ತೆಗೆಯಲು ರೇಷ್ಮೆಗೂಡು ಸಿಗದೆ ಅವ್ವನ ಕೆಲಸವೂ ನಿಂತಿತು. ಮನೆಗೆಂದು ಕೊಟ್ಟಿದ್ದ ಅಡ್ವಾನ್ಸು ಹಿಂದಿನ ತಿಂಗಳೇ ಬಾಡಿಗೆಗೆ ವಜಾ ಆಗಿತ್ತು. ಶುಕ್ರವಾರ ಮನೆ ಮಾಲೀಕ ಲಿಂಗಯ್ಯ ಬಂದು ಬಾಗಿಲಲ್ಲಿ ನಿಂತ.

"ಭಾನುವಾರ ಸಂಜೆ ಬಾಡ್ಗೆ ಆರ್ನೂರು ಕೈಗೆ ಬರ್ಲಿಲ್ಲ ಅಂದ್ರೆ ಖಾಲಿ ಮಾಡಿ. ಫ್ಯಾಕ್ಟ್ರಿ ಹುಡುಗ್ರು ಡಬಲ್ ಕೊಡ್ತೀವಿ ಅಂತವ್ರೆ."

ಅಪ್ಪ ಕುಸಿದು ಕುಳಿತ. ಅವ್ವ ಮಾತ್ರ ನನ್ನ ಕಿವಿಯಲ್ಲಿ, "ಅಳಬ್ಯಾಡ ಕಣವ್ವ, ಗಂಟ್ನಲ್ಲಿ ಏಳ್ನೂರೈತೆ" ಎಂದಳು. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಗಂಟಿಗಿದ್ದ ದೇವರ ಕಾವಲು ಅಂದಿಗೆ ಮುಗಿದಂತೆ.

ಶನಿವಾರ ಅವ್ವ ಕೆಲಸ ಶುರುವಾಯಿತೇ ಎಂದು ನೋಡಲು ಹೋಗಿದ್ದಳು, ನಾನು ಶಾಲೆಗೆ. ಸಂಜೆ ಅಪ್ಪ ಮನೆಗೆ ಬಂದಾಗ ಹಣೆಯಲ್ಲಿ ಸಿಂಧೂರವಿತ್ತು, ಕಾಲ ತುಂಬ ಕೆಸರು. ಎಷ್ಟೋ ದಿನದ ಮೇಲೆ ನಗುತ್ತಿದ್ದ.

"ಕೆಂಗಲ್‌ಗೆ ನಡ್ಕಂಡೇ ಹೋಗ್ಬಂದೆ ಕಣೆ. ಹರಕೆ ತೀರಿಸ್ದೆ ಇಟ್ಕಂಡಿರಾದ್ಕೇ ದೇವ್ರು ಹಿಂಗೆ ಮಾಡವ್ನೆ ಅನ್ನುಸ್ತು. ಮುಡಿಪು ಹುಂಡಿಗೆ ಹಾಕ್ಬುಟ್ಟೆ."

ಅವ್ವ ಪಟದ ಹಿಂದೆ ಕೈಯಾಡಿಸಿದಳು.

"ಎಲ್ಲಾನೂವಾ?"

"ಬಸ್ ಚಾರ್ಜಿಗೂ ಇಟ್ಕಳ್ನಿಲ್ಲ. ದೇವ್ರ ದುಡ್ಡಲ್ವಾ?"

ನನಗೆ ಕಿರುಚಬೇಕೆನಿಸಿತು. ಅವ್ವ ನನ್ನ ಕೈ ಅದುಮಿ ಹಿಡಿದಳು. ಯಾರನ್ನು ಬಯ್ಯುವುದು? ದೇವರ ಹೆಸರಲ್ಲಿ ಸುಳ್ಳು ಹೇಳಿದವಳನ್ನೋ, ಅದನ್ನು ನಂಬಿ ಅಷ್ಟು ದೂರ ನಡೆದವನನ್ನೋ?

ಭಾನುವಾರ ಸಂಜೆ ಲಿಂಗಯ್ಯ ಬಂದ. ಅಪ್ಪ ಕೈಮುಗಿದು ಒಂದು ವಾರ ಕೇಳಿದ, ಅವನು ಕೊಡಲಿಲ್ಲ. ಅವ್ವ ಮೂರೂ ಖಾಲಿ ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗಿದಳು. ದೇವರ ಪಟ ಇಳಿಸುತ್ತಿದ್ದ ಅಪ್ಪ ಮೆಲ್ಲಗೆ ಕೇಳಿದ:

"ಅಲ್ಲಾ, ನೀನು ಏನಂತ ಹರಕೆ ಹೊತ್ತಿದ್ದೆ?"

ಅವ್ವ ತಲೆ ಎತ್ತಲಿಲ್ಲ.

"ಈ ಮನೆ ಬುಡೋ ಹಂಗಾಗ್ದೆ ಇರ್ಲಿ ಅಂತ."