ಎರಡನೆಯ ತಾರೀಖು

ಯಾರೋ ಕಳ್ಳ ಇಂಟರ್ನೆಟ್ಟಿನಲ್ಲಿ ನುಗ್ಗಿ, ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದು ಹಣ ಕೇಳಿದ್ದ. ಅವನು ಒಳಬಂದದ್ದು ಯಾವಾಗ ಎಂದು ಪತ್ತೆಹಚ್ಚಲು ನನ್ನನ್ನು ಕರೆಸಿದ್ದ ಮ್ಯಾನೇಜರಿಗೆ ಉತ್ತರ ಮೊದಲೇ ಗೊತ್ತಿತ್ತಂತೆ.

“ಕಳ್ಳ ಇಳಿಸಿಟ್ಟ ಫೈಲಿನ ತಾರೀಖು ನೋಡಿ ಮೇಡಂ. ಆಗ ಸರ್ವರ್ ನೋಡ್ಕೊಳ್ತಿದ್ದೋನು ಆ ಪುಣ್ಯಾತ್ಮನೇ. ತಾನು ಸತ್ತ, ನಮ್ಮ ತಲೆಗೆ ತಂದಿಟ್ಟ.”

ಆ ಪುಣ್ಯಾತ್ಮನ ಹೆಂಡತಿ ಕೆಳಗಿನ ವಾರ್ಡಿನಲ್ಲಿ ನರ್ಸ್. ಅವಳ ಜೊತೆ ಈಗ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ನನಗೆ ಮೈ ಉರಿಯಿತು.

“ಕಣ್ಣಿಗೆ ಕಾಣೋ ತಾರೀಖನ್ನ ಯಾರು ಬೇಕಾದ್ರೂ ತಿದ್ದಬಹುದು, ಸರ್.”

ಡಿಸ್ಕಿನ ಫೈಲ್ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಇನ್ನೊಂದು ತಾರೀಖು ಅಡಗಿರುತ್ತದೆ. ತಿದ್ದುವವರು ಸಾಮಾನ್ಯವಾಗಿ ಅದನ್ನು ಮರೆಯುತ್ತಾರೆ. ಇಲ್ಲಿ ಅದು ಎಷ್ಟೋ ಈಚಿನದಾಗಿತ್ತು. ಲಾಗಿನ್ ದಾಖಲೆಯನ್ನು ಅದರ ಪಕ್ಕಕ್ಕಿಟ್ಟೆ. ಫೈಲ್ ಇಳಿಯುವ ತುಸು ಮುಂಚೆ ಯಾರೋ ಹೊರಗಿನಿಂದ ಲಾಗಿನ್ ಆಗಿದ್ದರು.

“ಅವನದೇ ಹೆಸರು!” ಮ್ಯಾನೇಜರ್ ಮೇಜು ಕುಟ್ಟಿದ. “ನಾನು ಹೇಳ್ಲಿಲ್ವಾ?”

“ತಾರೀಖೂ ಓದಿ.”

ಓದಿದ. ಅವನ ದನಿ ಇಳಿಯಿತು. “ಅಷ್ಟೊತ್ತಿಗೆ ಅವನನ್ನ ಮಣ್ಣು ಮಾಡಿ ತಿಂಗಳಾಗಿತ್ತು.”

“ಹೌದು. ಅವನನ್ನ ಹೂತು ಬಂದ್ರಿ. ಅವನ ಲಾಗಿನ್ ಖಾತೆ ಮುಚ್ಚೋ ಕೆಲಸ ಯಾರದಾಗಿತ್ತು, ಸರ್?”